ಲಗಮಪ್ಪ ಕಾಕಾನ ಮುಂಜಾನೆಯ ಫೈಲುಗಳು

ಹುಕ್ಕೇರಿಯ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಲಗಮಪ್ಪ ಕಾಕಾ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಸೂಜಿ ಚುಚ್ಚಿದ್ದು ಗೊತ್ತಾಗದ ಕೈ. ಕಂಪ್ಯೂಟರ್ ಮಾತ್ರ ಒಂದೇ ಬೆರಳಿನಲ್ಲಿ. ಅವರು ಒಂದು ರಿಪೋರ್ಟ್ ಟೈಪ್ ಮಾಡುವಷ್ಟರಲ್ಲಿ ನಾನು ಚಹಾ ಕುಡಿದು ಕಪ್ಪು ತೊಳೆದಿಟ್ಟಿರುತ್ತಿದ್ದೆ. ನನಗೆ ತಾಳ್ಮೆ ಕಡಿಮೆ, ಅದನ್ನು ಮುಚ್ಚಿಡುವುದೂ ಇಲ್ಲ.

ಕಾಕಾ ಒಂದು ವಾರ ರಜೆ ಹಾಕಿದಾಗ ರಿಪೋರ್ಟ್ ಟೈಪ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಆಗಲೇ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿನಲ್ಲಿ ತಾನಾಗಿ ಓಡುವ ಪ್ರೋಗ್ರಾಂ, ಬರೆದೆ. ಅದು ಐದೈದು ಸೆಕೆಂಡಿಗೊಮ್ಮೆ ‘ರಿಪೋರ್ಟ್’ ಫೋಲ್ಡರ್ ನೋಡುತ್ತದೆ. ಹೊಸ ಫೈಲ್ ಕಂಡರೆ ಪಿಡಿಎಫ್ ಮಾಡಿ, ನಾವು ಮೊದಲಿನಿಂದಲೂ ಫೈಲಿನ ಹೆಸರಿನಲ್ಲೇ ಬರೆಯುವ ರೋಗಿಯ ಮೊಬೈಲ್ ನಂಬರಿಗೆ ಕಳಿಸುತ್ತದೆ. ಕಳಿಸಿದ ಹೆಸರನ್ನು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಮತ್ತೆ ಅದರ ತಂಟೆಗೆ ಹೋಗುವುದಿಲ್ಲ. ನಾನು ರಿಪೋರ್ಟನ್ನು ಪೂರ್ತಿ ಬರೆದ ಮೇಲೇ ಸೇವ್ ಮಾಡುತ್ತಿದ್ದೆ. ವಾರವಿಡೀ ಒಂದೂ ತಪ್ಪಲಿಲ್ಲ. ಜಗತ್ತೆಲ್ಲ ನನ್ನಂತೆಯೇ ಸೇವ್ ಮಾಡುತ್ತದೆ ಎಂದುಕೊಂಡಿದ್ದೆ.

ಗುರುವಾರ ಕಾಕಾ ಬಂದರು. ಸ್ಕ್ರಿಪ್ಟನ್ನು ಓಡಲು ಹಾಗೇ ಬಿಟ್ಟಿದ್ದೆ. ಹತ್ತೂವರೆಗೆ ಮಷಿನ್ ಕೊಟ್ಟ ಅಂಕಿಗಳನ್ನು ಟೈಪ್ ಮಾಡಿ, “ಶೈಲಾ, ಕಣಗಲಾದ ಚನ್ನವ್ವಂದು ಸಕ್ಕರಿ ಐವತ್ತೆಂಟ ಐತಿ. ಭಾಳ ಕಡಿಮಿ ಆತು. ರಿಪೋರ್ಟ್ ಹೋತೇನ?” ಎಂದರು.

ಪಟ್ಟಿ ನೋಡಿದೆ. ಚನ್ನವ್ವನ ರಿಪೋರ್ಟ್ ಎಂಟು ನಲವತ್ತಕ್ಕೇ ಹೋಗಿತ್ತು. ಆಗಿನ್ನೂ ಆಕೆಯ ರಕ್ತ ಮಷಿನ್ನಿಗೇ ಹೋಗಿರಲಿಲ್ಲ. ಹೋದ ಪಿಡಿಎಫ್ ತೆರೆದರೆ ಮೇಲೆ ಚನ್ನವ್ವನ ಹೆಸರು, ಕೆಳಗೆ ಸಕ್ಕರೆ ಮುನ್ನೂರಾ ಎಂಬತ್ತಾರು.

“ಕಾಕಾರ, ಈ ಫೈಲ್ ಯಾವಾಗ ಮಾಡಿದ್ರಿ?”

“ಮುಂಜಾನೆ, ರಕ್ತಾ ತಗೊಂಡ ಕೂಡ್ಲೆ. ನಿನ್ನಿ ಒಬ್ಬರ ಫೈಲ್ ತಗದು, ಹೆಸರು ವಯಸ್ಸು ತಿದ್ದಿ, ಹೊಸಾ ಹೆಸರಿಗೆ ಸೇವ್ ಮಾಡಿ ಇಡ್ತೇನಿ. ಅಂಕಿ ಬಂದಂಗ ತಿದ್ದತೇನಿ. ಗೆರಿ, ಕಾಲಂ ಎಲ್ಲಾ ಹಂಗ ಇರ್ತಾವಲ್ಲ.”

ಕಾಕಾ ಸೇವ್ ಮಾಡಿದ ಕ್ಷಣವೇ ನನ್ನ ಸ್ಕ್ರಿಪ್ಟಿಗೆ ಅದು ಹೊಸ ಫೈಲ್. ನಿನ್ನೆ ಬಂದ ಯಾರದೋ ಅಂಕಿ ಇವತ್ತಿನ ಹೆಸರು ಹೊತ್ತು ಹೋಗಿತ್ತು. ಆಮೇಲೆ ತಿದ್ದಿದ್ದು ಹೋಗಲೇ ಇಲ್ಲ, ಹೆಸರು ಆಗಲೇ ಪಟ್ಟಿಯಲ್ಲಿತ್ತಲ್ಲ. ಸ್ಕ್ರಿಪ್ಟ್ ಬಂದ್ ಮಾಡಿದೆ. ಅಂದು ಹೋದದ್ದು ಆರು ರಿಪೋರ್ಟ್. ಐದು ಮಂದಿಗೆ ಫೋನ್ ಹತ್ತಿತು, ತಪ್ಪೊಪ್ಪಿಕೊಂಡು ತಿಳಿಸಿದೆ. ಚನ್ನವ್ವನ ಫೋನ್ ಸ್ವಿಚ್ ಆಫ್.

ಕಾಕಾ ಆಕೆಯ ಚೀಟಿಯನ್ನು ಬೆಳಿಗ್ಗೆ ನೋಡಿದ್ದರು. “ಮುನ್ನೂರ ದಾಟಿದ್ರ ಊಟದ ಮೊದಲ ಹತ್ತು ಯೂನಿಟ್ ಇನ್ಸುಲಿನ್ ಹೆಚ್ಚಿಗಿ ತಗೊ ಅಂತ ಡಾಕ್ಟರ್ ಬರದಾರ,” ಎಂದರು. “ಗಾಡಿ ತಗಿ. ಐವತ್ತೆಂಟರ ಮ್ಯಾಲ ಅಷ್ಟು ತಗೊಂಡ್ರ ಎಚ್ಚರಾ ತಪ್ಪತಾಳ.”

ಕಾಕಾನನ್ನು ಕೂರಿಸಿಕೊಂಡು ಸಂಕೇಶ್ವರ ದಾಟಿದೆ. ಹೈವೇಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಒಂದೊಂದನ್ನೂ ಹಿಂದೆ ಹಾಕುವಾಗ ಆ ಮುನ್ನೂರಾ ಎಂಬತ್ತಾರು ಕಣ್ಣೆದುರು ಬರುತ್ತಿತ್ತು. ಬೈಸಿಕೊಂಡಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಕಾಕಾ ಬೈಯಲೂ ಇಲ್ಲ. ಅವರು ಹೇಗೆ ಕೆಲಸ ಮಾಡುತ್ತಾರೆ ಎಂದು ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಕಣಗಲಾದಲ್ಲಿ ಮನೆ ಹುಡುಕಿ ಒಳಗೆ ಹೋದಾಗ ಚನ್ನವ್ವ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ರೊಟ್ಟಿಯ ತಾಟು. ಕೈಯಲ್ಲಿ ಔಷಧ ತುಂಬಿದ ಸಿರಿಂಜು. ಸೀರೆ ಸರಿಸಿ ಹೊಟ್ಟೆಯ ಚರ್ಮ ಹಿಡಿದಿದ್ದಳು.

“ಚನ್ನವ್ವಾರ, ಚುಚ್ಚಬ್ಯಾಡ್ರಿ,” ಎನ್ನುತ್ತ ಕಾಕಾ ಹೋಗಿ ಸಿರಿಂಜು ತೆಗೆದುಕೊಂಡರು. ನಾನು ಒಳಗಿನಿಂದ ಸಕ್ಕರೆ ತಂದು ನೀರಿನಲ್ಲಿ ಕದಡಿ ಕೊಟ್ಟೆ.

ಕುಡಿದು ಚನ್ನವ್ವ ಸುಧಾರಿಸಿಕೊಂಡಳು. “ಮೈ ನಡಗಾಕತ್ತಿತ್ತು, ಕಣ್ಣಿಗಿ ಕತ್ತಲಿ ಬರ್ತಿತ್ತು. ಸಕ್ಕರಿ ಕಡಿಮಿ ಆದಾಗ ಹಿಂಗ ಆಕ್ಕೈತಿ, ನನಗ ಗೊತ್ತೈತಿ,” ಎಂದಳು. “ಆದ್ರ ಲಗಮಪ್ಪಾ, ಫೋನ್ ಬಂದ್ ಆಗೂ ಮೊದಲ ಅದರಾಗ ನಿನ್ನ ಕಾಗದ ನೋಡಿದ್ದೆ, ಅದು ಎಂದೂ ಸುಳ್ಳ ಹೇಳಿಲ್ಲಲ್ಲ. ಮೈ ಬಿಟ್ಟು ಅದನ್ನ ನಂಬಿದೆ.”

ಕಾಕಾ ತಲೆ ತಗ್ಗಿಸಿದರು. “ತಪ್ಪಾತ್ರಿ,” ಎಂದರು, ಎಲ್ಲವೂ ತಮ್ಮದೇ ಎಂಬಂತೆ.

“ಅವರದಲ್ರಿ, ನಂದು,” ಎಂದೆ. ಚನ್ನವ್ವ ಖಾಲಿ ಲೋಟ ನನ್ನ ಕೈಗೆ ಕೊಟ್ಟು, ಕಾಕಾನ ಕಡೆಗೇ ನೋಡುತ್ತ ಕೇಳಿದಳು: “ಹಂಗಾರ ಇನ್ ಮ್ಯಾಲ ನಿನ್ನ ಹೆಸರಿಲೆ ಬಂದದ್ದನ್ನ ನಾ ನಂಬಲ್ಯೋ, ಬಿಡಲ್ಯೋ?”

ಕಾಕಾ ನನ್ನ ಮುಖ ನೋಡಿದರು; ಅವರ ಹೆಸರಿನಲ್ಲಿ ಕಳಿಸಿದ್ದು ನನ್ನ ಸ್ಕ್ರಿಪ್ಟ್.