ಲಾಡ್ಜಿನ ಟೀವಿಯಲ್ಲಿ ಉಳಿದವನು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಲ್ಯಾಬಿನಕ್ಕ ಎಂದೇ ಕರೆಯುತ್ತಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಜನರ ತೋಳಿನಿಂದ ರಕ್ತ ತೆಗೆಯುವುದು ಅವಳ ಕೆಲಸ. ಸೂಜಿ ನೋಡಿದರೆ ಮುಖ ತಿರುಗಿಸುವವರನ್ನು ಮಾತಿಗೆಳೆದು, ಅವರು ಉತ್ತರ ಕೊಡುವಷ್ಟರಲ್ಲಿ ಹತ್ತಿ ಒತ್ತಿ ಮುಗಿಸಿರುತ್ತಿದ್ದಳು.

ಗಂಡ ಲಿಫ್ಟ್ ಕೂರಿಸುವ ಫಿಟ್ಟರ್. ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಹೋಗಿ ವಾರಗಟ್ಟಲೆ ಲಾಡ್ಜಿನಲ್ಲಿ ಇರಬೇಕಾದ ಬದುಕು. ಅದಕ್ಕೇ ಇಬ್ಬರೂ ಒಂದು ಉಪಾಯ ಕಂಡುಕೊಂಡಿದ್ದರು. ಸಂಜೆ ಅವನು ಲಾಡ್ಜಿನ ಟೀವಿಯಲ್ಲಿ, ಅವಳು ಮನೆಯ ಟೀವಿಯಲ್ಲಿ, ಒಂದೇ ಧಾರಾವಾಹಿಯ ಒಂದೇ ಕಂತನ್ನು ನೋಡಿ, ಆಮೇಲೆ ಫೋನಿನಲ್ಲಿ ಜಗಳವಾಡುವುದು. ಕೊಲೆ ಮಾಡಿದವಳು ಅತ್ತೆಯೇ ಎಂದು ಅವನು, ಅಲ್ಲ ವಕೀಲನೇ ಎಂದು ಇವಳು. ಧಾರಾವಾಹಿ ಬರುವ ಆ್ಯಪಿನ ಖಾತೆ ಅವನ ಹೆಸರಿನಲ್ಲಿತ್ತು. ಅದರಲ್ಲಿ ಮನೆಯವರಿಗೆ ಒಬ್ಬೊಬ್ಬರಿಗೂ ಒಂದೊಂದು ಪ್ರೊಫೈಲ್. ಅವನದಕ್ಕೆ ಮಗಳು ‘ಗಡ್ಡ’ ಎಂದು ಹೆಸರಿಟ್ಟಿದ್ದಳು. ಅವನ ತಮ್ಮನೂ ತನ್ನ ಮನೆಯಲ್ಲಿ ಇದೇ ಖಾತೆಯಲ್ಲಿ ನೋಡುತ್ತಿದ್ದ.

ಲಾಡ್ಜಿನ ಟೀವಿಯ ವಿಷಯದಲ್ಲಿ ಗಂಡ ಬಲು ಹುಷಾರು. ರಿಮೋಟಿನಲ್ಲಿ ಪಾಸ್‌ವರ್ಡ್ ಒತ್ತುತ್ತಿರಲಿಲ್ಲ. ಟೀವಿ ತೋರಿಸುವ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿ ಒಳಗೆ ಹೋಗುತ್ತಿದ್ದ. ರೂಮು ಬಿಡುವ ದಿನ ಎದ್ದ ಕೂಡಲೇ ಸೈನ್ ಔಟ್ ಮಾಡಿ, ಆಮೇಲೇ ಬ್ಯಾಗು ತುಂಬುತ್ತಿದ್ದ. “ಟೀವಿ ಅವರದು, ಮನೆ ನಮ್ದು. ಬಾಗಿಲು ತೆಗೆದಿಟ್ಟು ಬರೋಕಾಗತ್ತಾ?” ಎನ್ನುತ್ತಿದ್ದ.

ಕೊನೆಯ ಸಲ ಅವನು ರೂಮು ಬಿಡಲಿಲ್ಲ; ಅವನನ್ನು ಎತ್ತಿಕೊಂಡು ಹೋದರು. ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದವನು ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಿದ್ದ. ಬ್ಯಾಗನ್ನು ಲಾಡ್ಜಿನವರೇ ಕಟ್ಟಿ ಕೊಟ್ಟರು. ಟೀವಿಯ ಕಡೆ ಯಾರ ಗಮನವೂ ಹೋಗಲಿಲ್ಲ.

ಕೆಲವು ತಿಂಗಳ ಮೇಲೆ, ಒಂದು ಭಾನುವಾರ, ಲ್ಯಾಬಿನಕ್ಕ ಧೈರ್ಯ ಮಾಡಿ ಗಂಡನ ಪ್ರೊಫೈಲ್ ತೆರೆದಳು. ಅವನು ಅರ್ಧ ನೋಡಿ ನಿಲ್ಲಿಸಿದ್ದ ಕಂತು ಎಲ್ಲಿ ನಿಂತಿದೆಯೋ ಅಲ್ಲಿಂದ ನೋಡಬೇಕೆಂದು ಅವಳ ಆಸೆ. ಆದರೆ ಆ ಧಾರಾವಾಹಿ ಮೂರು ಕಂತು ಮುಂದೆ ಹೋಗಿತ್ತು. ಪಕ್ಕದಲ್ಲಿ ಮಕ್ಕಳ ಕಾರ್ಟೂನ್ ಒಂದು ಅರ್ಧಕ್ಕೆ ನಿಂತಿತ್ತು. ಒಂದು ಕ್ಷಣ, ಒಂದೇ ಕ್ಷಣ, ಅವನು ಎಲ್ಲೋ ಇದ್ದಾನೆ ಎನಿಸಿತು.

ಮಗಳು ಫೋನಿನಲ್ಲಿ ಖಾತೆಯ ಸೆಟ್ಟಿಂಗ್ ತೆಗೆದು ತೋರಿಸಿದಳು. ಯಾವ ಯಾವ ಟೀವಿ, ಫೋನುಗಳಲ್ಲಿ ಖಾತೆ ತೆರೆದಿದೆ ಎಂದು ಅಲ್ಲಿತ್ತು. ಮನೆಯ ಟೀವಿ, ಚಿಕ್ಕಪ್ಪನ ಮನೆಯ ಟೀವಿ, ಮತ್ತೆ ಅಪ್ಪ ತೀರಿಕೊಂಡ ಊರಿನ ಒಂದು ಟೀವಿ. ಅದರ ಮುಂದೆ, ನಿನ್ನೆ ಬಳಸಿದ್ದು ಎಂದಿತ್ತು.

“ಅಮ್ಮಾ, ಅಪ್ಪ ಸೈನ್ ಔಟ್ ಮಾಡಿಲ್ಲ. ಆ ರೂಮಿಗೆ ಬಂದವರೆಲ್ಲ ನೋಡ್ತಿದಾರೆ. ಇಲ್ಲಿಂದಲೇ ತೆಗೀಬಹುದು, ತೆಗೀಲಾ?”

“ಬೇಡ, ಇರಲಿ.”

“ಇರಲಿ ಅಂದ್ರೆ? ಯಾರೋ ಏನೇನೋ ನೋಡ್ತಾರೆ.”

“ನೋಡ್ಕೊಳ್ಳಲಿ ಬಿಡೇ. ನಮ್ಮ ಗಂಟೇನು ಹೋಗತ್ತೆ?”

ಮಗಳಿಗೆ ಅರ್ಥವಾಯಿತೋ ಇಲ್ಲವೋ, ಸೆಟ್ಟಿಂಗ್ ಮುಚ್ಚಿದಳು. ಗಂಡ ಕೊನೆಯ ಸಲ ತಂಗಿದ್ದ ರೂಮು ಅದು. ಅಲ್ಲಿ ಅವನದೆಂದು ಉಳಿದದ್ದು ಟೀವಿಯ ಮೇಲಿನ ಆ ಹೆಸರೊಂದೇ. ಅದನ್ನೂ ತಾನೇ ಅಳಿಸಲು ಅವಳಿಗೆ ಕೈ ಬರಲಿಲ್ಲ.

ದಿನವೂ ಕೆಲಸದಿಂದ ಬಂದು ‘ಗಡ್ಡ’ ಏನು ನೋಡಿದ ಎಂದು ನೋಡುವುದು ಅವಳಿಗೆ ಚಟವಾಯಿತು. ಒಂದು ದಿನ ಕುಸ್ತಿ. ಇನ್ನೊಂದು ದಿನ ಕೇಕ್ ಮಾಡುವ ಸ್ಪರ್ಧೆ. ಮದುವೆಗೆ ಬಂದ ಕುಟುಂಬವಿರಬೇಕು, ಔಷಧಿ ಕಂಪನಿಯವನಿರಬೇಕು ಎಂದು ಊಹಿಸುತ್ತಾ ಕೂರುತ್ತಿದ್ದಳು. ನಗುವೂ ಬರುತ್ತಿತ್ತು.

ಆಮೇಲೆ ಒಂದು ವಾರ ಅವಳಿಗೆ ಕೆಲಸದ ಒತ್ತಡ. ಟೀವಿಯ ಕಡೆ ತಲೆ ಹಾಕಲಿಲ್ಲ. ಆ ವಾರವೇ ಮೈದುನನ ಫೋನು ಬಂತು.

“ಅತ್ತಿಗೆ, ಹೇಳಬಾರದು, ಆದ್ರೂ ಹೇಳ್ತೀನಿ. ಅಣ್ಣನ ಪ್ರೊಫೈಲ್ ತೆಗೆದೆ ನೋಡಿ, ನನ್ನ ಹೆಂಡ್ತಿ ಪಕ್ಕದಲ್ಲೇ ಇದ್ಲು. ಸಾಲಾಗಿ ಬರೀ ಹೊಲಸು ಸಿನಿಮಾಗಳು. ಅಣ್ಣ ಇಂಥವನು ಅಂತ ಗೊತ್ತಿರ್ಲಿಲ್ಲ.”

“ಅದು ಅವರಲ್ಲಪ್ಪ. ಲಾಡ್ಜಿನ ಟೀವೀಲಿ ಖಾತೆ ಹಾಗೇ ಉಳಿದಿದೆ. ಯಾರೋ ಬಂದವರು ನೋಡಿದ್ದು.”

“ಇದ್ದರೂ ಇರಬಹುದು,” ಎಂದ. ಆ ದನಿಯಲ್ಲಿ ನಂಬಿಕೆ ಇರಲಿಲ್ಲ. ಒಂದು ತರಹದ ಕನಿಕರವಿತ್ತು.

ಮಗಳು ಮನೆಗೆ ಬರುವವರೆಗೆ ಕಾಯಲಾರದೆ ಅವಳು ಮೊದಲು ಲಾಡ್ಜಿಗೆ ಫೋನು ಮಾಡಿ, ಆ ಟೀವಿಯಿಂದ ಖಾತೆ ತೆಗೆಯಲು ಕೇಳಿದಳು. ಕೌಂಟರಿನವನು ಆರಾಮಾಗಿ, “ಅದನ್ಯಾಕೆ ತೆಗೀಬೇಕು ಮೇಡಂ? ಅದೊಂದು ರೂಮಲ್ಲೇ ಫ್ರೀಯಾಗಿ ಸಿನಿಮಾ ಬರತ್ತೆ ಅಂತ ಗಿರಾಕಿಗಳು ಆ ರೂಮೇ ಬೇಕು ಅಂತಾರೆ,” ಎಂದ. ಅದು ನನ್ನ ಗಂಡನದು ಎಂದಳು. “ಹೌದಾ? ಹಾಗಾದ್ರೆ ಅವರಿಗೇ ಹೇಳಿ, ಅವರ ಫೋನಿಂದ ತೆಗೀಬಹುದು,” ಎಂದು ಇಟ್ಟುಬಿಟ್ಟ.

ಅಂದು ಸಂಜೆ ಮಗಳು ಕೂತು ಎಲ್ಲ ಮಾಡಿದಳು. ಲಾಡ್ಜಿನ ಟೀವಿಯನ್ನು ಪಟ್ಟಿಯಿಂದ ಸೈನ್ ಔಟ್ ಮಾಡಿದಳು. ಪಾಸ್‌ವರ್ಡ್ ಬದಲಾಯಿಸಿ, ಉಳಿದ ಎಲ್ಲ ಕಡೆಯಿಂದಲೂ ಖಾತೆ ಹೊರಬರುವಂತೆ ಮಾಡಿದಳು. ಟೀ ಆರುವ ಮೊದಲೇ ಮುಗಿಯಿತು. ಏನೇನು ನೋಡಿದ್ದಾರೆಂಬ ಪಟ್ಟಿಯಲ್ಲಿ ಒಂದೊಂದರ ಮುಂದೂ ತಾರೀಖು ಇತ್ತು. ಹೊಲಸೆಲ್ಲ ಗಂಡ ಸತ್ತ ಎಷ್ಟೋ ದಿನಗಳ ಮೇಲಿನದು.

“ಇದನ್ನ ಚಿಕ್ಕಪ್ಪನಿಗೆ ತೋರ್ಸು,” ಎಂದಳು ಮಗಳು.

ಲ್ಯಾಬಿನಕ್ಕ ಬಸ್ಸು ಹತ್ತಿ ಮೈದುನನ ಮನೆಗೆ ಹೋಗಿ ಫೋನನ್ನು ಅವನ ಮುಂದೆ ಹಿಡಿದಳು. “ನೋಡು. ಅವರು ಹೋದಮೇಲಿನ ತಾರೀಖು. ಸತ್ತವರು ಎದ್ದು ಬಂದು ನೋಡಿದ್ರಾ?”

ಅವನು ಸರಿಯಾಗಿ ನೋಡಲಿಲ್ಲ. “ಆಯ್ತು ಬಿಡಿ ಅತ್ತಿಗೆ. ಅವನು ಹೇಗಿದ್ರೂ ನಮ್ಮಣ್ಣನೇ ತಾನೆ. ಹೋದವರ ವಿಷಯ ಕೆದಕೋದು ಬೇಡ.”

“ಕೆದಕಿದ್ದು ನೀನು. ಎಷ್ಟು ಜನಕ್ಕೆ ಹೇಳಿದೀಯ?”

ಅವನ ಹೆಂಡತಿ ಒಳಗಿಂದ, “ಹೇಳೋದೇನಿದೆ ಅಕ್ಕಾ, ಮಾತಿಗೆ ಮಾತು ಬಂತು ಅಷ್ಟೇ,” ಎಂದಳು. ಹೇಳಿಯಾಗಿತ್ತು ಎಂದಾಯಿತು. ಅದೇ ಮನೆಯಲ್ಲಿದ್ದ ಅತ್ತೆಯವರೆಗೂ ಹೋಗಿತ್ತು. ಮಗನ ಹೆಸರು ಬಂದರೆ ಅಳುತ್ತಿದ್ದ ಮುದುಕಿ, ಈಗ ಸೊಸೆಯ ಮುಖ ನೋಡಿ, “ಊರೂರು ಸುತ್ತೋ ಗಂಡಸು, ನೀನಾದ್ರೂ ಹತ್ರ ಇಟ್ಕೋಬೇಕಿತ್ತು,” ಎಂದಳು. ಲ್ಯಾಬಿನಕ್ಕ ಅವಳಿಗೂ ತಾರೀಖು ಓದಿ ಹೇಳಿದಳು. ಮುದುಕಿಗೆ ಅದು ತಲೆಗೆ ಹತ್ತಲಿಲ್ಲ. ಟೀವಿಯಲ್ಲಿ ಮಗನ ಹೆಸರಿತ್ತಂತೆ, ಅಷ್ಟು ಸಾಕಾಗಿತ್ತು.

ಬಸ್ಸಿನಲ್ಲಿ ಬರುವಾಗ ಅವಳಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಲಾಡ್ಜಿನವನ ಮೇಲೆಯೇ, ಮೈದುನನ ಮೇಲೆಯೇ? ಮಗಳು ಕೇಳಿದ ದಿನವೇ ಹೂಂ ಎಂದಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ಅವನನ್ನು ಇನ್ನಷ್ಟು ದಿನ ಉಳಿಸಿಕೊಳ್ಳಲು ಹೋಗಿ, ಅವನ ಮಾನವನ್ನು ತಾನೇ ಬೀದಿಗೆಳೆದಂತಾಯಿತು.

ಮಗಳು ಅಪರಿಚಿತರು ನೋಡಿದ್ದನ್ನೆಲ್ಲ ಒಂದೊಂದಾಗಿ ಆ ಪಟ್ಟಿಯಿಂದ ಅಳಿಸಿದಳು. ಧಾರಾವಾಹಿಯ ಸರದಿ ಬಂದಾಗ ಲ್ಯಾಬಿನಕ್ಕ ಕೇಳಿದಳು, “ಇದನ್ನ ತೆಗೆದ್ರೆ, ಅಪ್ಪ ನಿಲ್ಲಿಸಿದ ಜಾಗ ಬರತ್ತಾ?”

“ಇಲ್ಲಮ್ಮ. ಅದರ ಮೇಲೇ ಅವರು ನೋಡ್ಕೊಂಡು ಹೋಗಿದಾರೆ. ಹಳೇದು ಉಳಿಯಲ್ಲ.”

ಮರುದಿನ ಮೈದುನನ ಫೋನು ಬಂತು. “ಅತ್ತಿಗೆ, ನಮ್ಮನೇಲಿ ಬರ್ತಿಲ್ಲ. ಪಾಸ್‌ವರ್ಡ್ ಬದಲಾಯ್ಸಿದ್ರಾ?”

“ಹೌದು.”

“ಹೊಸದು ಹೇಳಿ, ಬರ್ಕೋತೀನಿ.”

ಅವಳು ಫೋನು ಇಟ್ಟಳು. ಅವಳಿಗೆ ಸೊಕ್ಕು ಬಂದಿದೆ ಎಂದು ಅದನ್ನೂ ಅವನು ನಾಲ್ಕು ಮನೆಗೆ ಹೇಳಿದ. ಎರಡು ಮನೆಗಳ ನಡುವೆ ಹೋಗಿಬರುವುದು ಅಲ್ಲಿಗೆ ನಿಂತಿತು.