ಆಷಾಢದಲ್ಲಿ ಇಟ್ಟ ಆಣೆ

ಹಾಗಲವಾಡಿಯ ಆಶಾ ಕಾರ್ಯಕರ್ತೆ ಗಂಗಾಂಬಿಕೆ ಎಂಟನೇ ಕ್ಲಾಸನ್ನು ತಿಣುಕಾಡಿ ಮುಗಿಸಿದವಳು. ಅಕ್ಷರ ಕೋಳಿ ಕೆದರಿದ ಹಾಗೆ. ಆದರೆ ತಾರೀಕು ಮಾತ್ರ ತಪ್ಪಿದ್ದಿಲ್ಲ. ಊರಿನ ಯಾವ ಹೆಂಗಸು ಯಾವ ದಿನ ಮುಟ್ಟಾದಳು, ಯಾರಿಗೆ ಯಾವಾಗ ನಿಂತಿತು, ಯಾರ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ, ಎಲ್ಲವೂ ಅವಳ ನೀಲಿ ರಟ್ಟಿನ ಪುಸ್ತಕದಲ್ಲಿ ಇರುತ್ತಿತ್ತು. ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡು, ಹದಿನೇಳು ವರ್ಷ ಮನೆಮನೆ ಸುತ್ತಿ ಬರೆದ ಪುಸ್ತಕಗಳು. ಊರ ಹೆಂಗಸರು "ಗಂಗಕ್ಕನ ಪಂಚಾಂಗ" ಎಂದು ನಗುತ್ತಿದ್ದರು.

ಗೌರಿಹಬ್ಬಕ್ಕೆ ಎರಡು ದಿನ ಇರುವಾಗ ಶಕುಂತಲಮ್ಮ ಬಾಗಿಲಿಗೆ ಬಂದು ನಿಂತಳು. ಮುಖದಲ್ಲಿ ವಿಭೂತಿ ಇತ್ತು, ರಕ್ತ ಇರಲಿಲ್ಲ.

"ಗಂಗಕ್ಕ, ಒಂದ್ಗಳಿಗೆ ಬಾ. ಮಧು ಬಂದವ್ಳೆ."

"ಹಬ್ಬಕ್ಕಾ? ಒಳ್ಳೇದಾಯ್ತು ಬುಡು."

"ಹಬ್ಬಕ್ಕಲ್ಲ ಕಣಕ್ಕ. ಕಳಿಸ್ಬುಟ್ಟವ್ರೆ."

ಶಕುಂತಲಮ್ಮನ ದೊಡ್ಡ ಮಗಳು ಮಧುಶ್ರೀಗೆ ಇಪ್ಪತ್ತಮೂರು. ಮೇ ತಿಂಗಳಲ್ಲಿ ಕುಣಿಗಲ್ ಕಡೆಯ ಕೊತ್ತಗೆರೆಗೆ ಕೊಟ್ಟಿದ್ದರು. ಗಂಡ ಮಲ್ಲಿಕಾರ್ಜುನ್ ಕುಣಿಗಲ್ಲಿನಲ್ಲಿ ಮೋಟಾರು ಪಂಪು ರಿಪೇರಿ ಮಾಡುವವನು, ಮೆತ್ತಗಿನ ಹುಡುಗ. ಆಷಾಢ ಹುಟ್ಟುವ ಹಿಂದಿನ ದಿನ, ಎಲ್ಲ ಹೊಸ ಸೊಸೆಯರ ಹಾಗೆ, ಮಧುಶ್ರೀಯೂ ತವರಿಗೆ ಬಂದಳು. ಆಷಾಢದಲ್ಲಿ ಗಂಡಹೆಂಡತಿ ಕೂಡಬಾರದು. ಆ ತಿಂಗಳು ಬಸಿರು ನಿಂತರೆ ಹೆರಿಗೆ ಸುಡುಬೇಸಗೆಗೆ ಬೀಳುತ್ತದೆ ಎಂಬುದು ಹಿಂದಿನವರ ಲೆಕ್ಕ. ಅತ್ತೆ ಸರ್ವಮಂಗಳಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಗನ ಕೈಯಲ್ಲಿ ಕೊರಳಿನ ಲಿಂಗ ಮುಟ್ಟಿಸಿ ಆಣೆ ಮಾಡಿಸಿದ್ದಳು. ಅಮಾವಾಸ್ಯೆ ಕಳೆದ ಮಾರನೇ ದಿನ, ಜುಲೈ ಇಪ್ಪತ್ತೈದಕ್ಕೆ, ಮಧುಶ್ರೀ ಕೊತ್ತಗೆರೆಗೆ ಹಿಂತಿರುಗಿದಳು.

ಈಗ ಆಗಸ್ಟ್ ಇಪ್ಪತ್ತಮೂರಕ್ಕೆ ಕುಣಿಗಲ್ಲಿನಲ್ಲಿ ಸ್ಕ್ಯಾನ್ ಮಾಡಿಸಿದ್ದಾರೆ. ಕಾಗದದಲ್ಲಿ ಏಳು ವಾರ ನಾಲ್ಕು ದಿನ ಎಂದಿದೆ. ಸರ್ವಮಂಗಳಮ್ಮ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಐವತ್ತಮೂರು ದಿನ ಹಿಂದಕ್ಕೆ ಎಣಿಸಿದಳು. ಬೆರಳು ಜುಲೈ ಒಂದಕ್ಕೆ ಬಂದು ನಿಂತಿತು. ಜುಲೈ ಒಂದಕ್ಕೆ ಸೊಸೆ ತವರಿನಲ್ಲಿದ್ದಳು, ಮಗ ಕೊತ್ತಗೆರೆಯಲ್ಲಿದ್ದ. ಅವಳು ಕೂಗಾಡಲಿಲ್ಲ. ಸೊಸೆಯ ಬ್ಯಾಗನ್ನು ತಂದು ಹೊಸಿಲ ಆಚೆ ಇಟ್ಟಳು, ಅಷ್ಟೇ.

"ಮಲ್ಲಿ ಏನಂದ?" ಗಂಗಾಂಬಿಕೆ ಕೇಳಿದಳು.

"ಅಳಿಯಂದಿರು ಏನೂ ಅನ್ನಲಿಲ್ವಂತೆ. ಅದೇ ಕಣಕ್ಕ ನಂಗೆ ಭಯ. ಬುಧವಾರ ಬರ್ತೀವಿ, ಒಂದು ತೀರ್ಮಾನ ಮಾಡಣ ಅಂತ ಬೀಗಿತ್ತಿ ಫೋನ್ ಮಾಡವ್ಳೆ."

ಶಕುಂತಲಮ್ಮನ ಮನೆಯಲ್ಲಿ ಮಧುಶ್ರೀ ಮಂಚದ ಅಂಚಿಗೆ ಕೂತಿದ್ದಳು. ಪಿಯುಸಿ ಓದುವ ತಂಗಿ ಭೂಮಿಕಾ ಅಕ್ಕನ ಪಕ್ಕದಲ್ಲಿ. ಗಂಗಾಂಬಿಕೆ ಚಿಕ್ಕವಳಿಗೆ, "ಒಂದ್ಲೋಟ ಕಾಫಿ ಕಾಸ್ಕೊಂಡು ಬಾ ಕಣೇ" ಎಂದು ಕಳಿಸಿ, ಬಾಗಿಲು ಓರೆ ಮಾಡಿದಳು.

"ನನ್ನ ಮುಖ ನೋಡಿ ಹೇಳವ್ವ. ಮಲ್ಲಿ ಇಲ್ಲಿಗೆ ಬಂದಿದ್ನಾ?"

ಮಧುಶ್ರೀ ಹೌದೆಂದು ತಲೆಯಾಡಿಸಿದಳು. "ಹೋದ್ ತಿಂಗ್ಳು ಹದಿಮೂರನೇ ತಾರೀಕು, ಭಾನುವಾರ. ಅಮ್ಮ, ಭೂಮಿ ಗುಬ್ಬಿಗೆ ಹೋಗಿದ್ರು. ಯಾರಿಗೂ ಹೇಳ್ಬೇಡ, ಅವ್ವಂಗೆ ಆಣೆ ಕೊಟ್ಟಿದೀನಿ ಅಂದ್ರು. ಗಂಗಕ್ಕ, ನಾವು ಏನೂ ಪೂರ್ತಿ ಮಾಡ್ಲಿಲ್ಲ. ಹತ್ರ ಬಂದ್ರು, ಮೇಲ್ಮೇಲೆ. ಆಣೆ ನೆಪ್ಪಾಗಿ ದೂರ ಸರಿದುಬುಟ್ರು. ಅವರಿಗೆ ಆಗೋದೂ ಆಗ್ಲಿಲ್ಲ. ಅದಕ್ಕೇ ಅವ್ರು ಅಂದ್ಕೊಂಡವ್ರೆ, ನಾನು ಮುಟ್ಟೇ ಇಲ್ಲ ಅಂತ. ಸುಳ್ಳಲ್ಲ ಅಂತ ನಂಗೂ ಅನ್ಸುತ್ತೆ. ಹಂಗಾದ್ರೆ ಇದು ಎಲ್ಲಿಂದ ಬಂತು? ನಂಗೇ ತಲೆ ಕೆಟ್ಟದಾ?"

ಹುಡುಗಿ ತನ್ನ ಮೇಲೆ ತಾನೇ ಸಂಶಯಪಡಲು ಶುರುಮಾಡಿದ್ದಳು. ಹದಿನೇಳು ವರ್ಷದಲ್ಲಿ ಇಂಥ ಒಂದು ಮುಖವನ್ನು ಗಂಗಾಂಬಿಕೆ ಹಿಂದೆಯೂ ಕಂಡಿದ್ದಳು. ಆ ಹುಡುಗಿಯನ್ನು ಬಾವಿಯಿಂದ ಎತ್ತುವಾಗ ಪಕ್ಕದಲ್ಲಿ ನಿಂತಿದ್ದಳು.

ಕಾಫಿ ತಂದ ಭೂಮಿಕಾ ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡಿದ್ದು ಮುಖದಲ್ಲೇ ಇತ್ತು.

"ಬಾ, ನೀನೂ ಕೂತ್ಕೋ. ತಿಳ್ಕೊಂಡು ಕೆಟ್ಟೋರು ಯಾರೂ ಇಲ್ಲ. ತಿಳೀದೆ ಕೆಟ್ಟೋರನ್ನ ಕಂಡಿದೀನಿ."

"ಗಂಗಕ್ಕ, ಪೂರ್ತಿ ಆಗದೇ ಇದ್ರೆ ಮಗು ಆಗಲ್ಲ ಅಲ್ವಾ? ಕಾಲೇಜಲ್ಲಿ ಎಲ್ರೂ ಹಂಗೇ ಅಂತಾರೆ."

"ಕಾಲೇಜಲ್ಲಿ ಹೇಳಿದೋರು ಹೆರಿಗೆಗೆ ಬರ್ತಾರಾ? ಕೇಳಿಲ್ಲಿ. ಗಂಡಸಿಗೆ ವೀರ್ಯ ಬರೋಕೆ ಮುಂಚೇನೇ ಅಂಗದ ತುದೀಲಿ ಒಂದಿಷ್ಟು ತಿಳಿನೀರು ಬರುತ್ತೆ. ಅವನಿಗೇ ಗೊತ್ತಾಗಲ್ಲ, ತಡಿಯೋಕೂ ಆಗಲ್ಲ. ಆ ನೀರಲ್ಲಿ ಬೀಜ ಇರಲೇಬೇಕು ಅಂತಿಲ್ಲ. ಕೆಲವರದ್ರಲ್ಲಿ ಇರಲ್ಲ, ಕೆಲವರದ್ರಲ್ಲಿ ಜೀವ ಇರೋ ಬೀಜಾನೇ ಇರ್ತವೆ. ಯಾರದ್ರಲ್ಲಿ ಇದೆ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ."

"ಒಳಗೆ ಹೋಗದೇ ಇದ್ರೂನಾ?"

"ಹೆಣ್ಣಿನ ಯೋನಿ ಬಾಯಿಗೆ ಹಸಿಯಾಗಿ ತಾಗಿದ್ರೆ ಸಾಕು, ಬೀಜಕ್ಕೆ ಈಜೋಕೆ ಬರುತ್ತೆ. ಕಮ್ಮಿ ಸಲ ಆಗೋದು. ತಾಗಿದ್ದಕ್ಕೆಲ್ಲಾ ನಿಂತೇಬುಡುತ್ತೆ ಅಂತಲ್ಲ. ಆದ್ರೆ ಆಗೋದೇ ಇಲ್ಲ ಅನ್ನೋ ಮಾತು ಸುಳ್ಳು. ಕೊನೇಗಳಿಗೇಲಿ ಹೊರಗೆ ತಗೀತೀವಿ ಅಂತ ನಂಬ್ಕೊಂಡಿರೋ ನೂರು ಜೋಡೀಲಿ ವರ್ಷಕ್ಕೆ ಇಪ್ಪತ್ತು ಜೋಡಿಗಾದ್ರೂ ನಿಲ್ಲುತ್ತೆ ಅಂತ ಟ್ರೈನಿಂಗಲ್ಲಿ ಹೇಳವ್ರೆ."

ಭೂಮಿಕಾ ಗಾಬರಿಯಿಂದ, "ಮತ್ತೆ ಮುತ್ತು ಕೊಟ್ರೆ? ಒಂದೇ ಟವಲ್ಲಲ್ಲಿ ಒರೆಸ್ಕೊಂಡ್ರೆ?" ಎಂದಳು.

"ಥೂ ಹುಚ್ಚುಮುಂಡೇದೆ!" ಗಂಗಾಂಬಿಕೆಗೆ ನಗು ಬಂತು, ಮಧುಶ್ರೀಗೂ ತುಟಿ ಅಲುಗಿತು. "ಮುತ್ತಿಗೆ ಆಗಲ್ಲ, ಕೈ ಹಿಡಿದ್ರೆ ಆಗಲ್ಲ, ಟವಲ್ಲಿಗೂ ಆಗಲ್ಲ. ಬಟ್ಟೆ ಹಾಕ್ಕೊಂಡಿರೋರಿಗೆ ಬಟ್ಟೆ ಮೇಲಿಂದ ಆಗಲ್ಲ. ಗಾಳಿಗೆ ಒಣಗಿದ್ರೆ ಬೀಜ ಸತ್ತೋಗುತ್ತೆ. ಆದ್ರೆ ಹೆಣ್ಣಿನ ಒಳಗೆ ಸೇರ್ಕೊಂಡ್ರೆ ಐದು ದಿನದವರೆಗೂ ಬದುಕಿರಬೌದು, ಮೊಟ್ಟೆ ಬರೋದನ್ನೇ ಕಾಯ್ಕೊಂಡು."

"ಹಂಗೇನಾದ್ರೂ ತಾಗ್ಬುಟ್ರೆ ಏನ್ ಮಾಡ್ಬೇಕು?"

"ಬಾಯಿ ಮುಚ್ಕೊಂಡು ಕೂರ್ಬಾರ್ದು. ಮೂರು ದಿನದೊಳಗೆ ನುಂಗೋ ಮಾತ್ರೆ ಇದೆ. ಎಷ್ಟು ಬೇಗ ನುಂಗಿದ್ರೆ ಅಷ್ಟು ಕೆಲಸ ಮಾಡುತ್ತೆ. ಆಮೇಲೆ ಮುಟ್ಟು ತಡವಾದ್ರೆ ಮೂತ್ರ ಪರೀಕ್ಷೆ. ಕಾಂಡೋಮಂತೂ ನಾನೇ ಕೊಡ್ತೀನಿ. ಮೇ ತಿಂಗಳಲ್ಲಿ ನಿಮ್ಮಕ್ಕನ ಕೈಗೂ ಕೊಡೋಕೆ ಹೋಗಿದ್ದೆ. ನಿಮ್ಮವ್ವ, ಮದುವೆಮನೇಲಿ ಇದೇನು ಅಪಶಕುನ ಅಂತ ಬಯ್ದು ಕಳಿಸಿದ್ಲು."

ಬಾಗಿಲ ಹೊರಗೆ ಶಕುಂತಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಗಂಗಾಂಬಿಕೆ ನೀಲಿ ಪುಸ್ತಕ ತೆಗೆದು ಜುಲೈ ಹಾಳೆಗೆ ಬಂದಳು. ಮಧುಶ್ರೀ ಹೊಟ್ಟೆನೋವೆಂದು ಮಾತ್ರೆ ಕೇಳಿದ ದಿನ ಅಲ್ಲಿತ್ತು. ಅವಳ ಬೆರಳು ನಿಂತುಹೋಯಿತು. ಮತ್ತೆ ಮತ್ತೆ ನೋಡಿದಳು. ಆಮೇಲೆ ಪುಸ್ತಕ ಮುಚ್ಚಿ, "ಬುಧವಾರ ನಾನೂ ಬರ್ತೀನಿ" ಎಂದಷ್ಟೇ ಹೇಳಿದಳು. ಅರ್ಧ ಲೆಕ್ಕ ಅವಳ ಬಳಿ ಇತ್ತು. ಉಳಿದ ಅರ್ಧ ಮಲ್ಲಿಕಾರ್ಜುನನ ಬಾಯಲ್ಲಿತ್ತು. ಅವನು ಬಾಯಿ ಬಿಡದಿದ್ದರೆ?

ಬುಧವಾರ ಹತ್ತು ಗಂಟೆಗೆ ಕಾರು ಬಂತು. ಸರ್ವಮಂಗಳಮ್ಮ ಚಾಪೆಯ ಮೇಲೆ ಕೂತಳು, ಕೊಟ್ಟ ನೀರು ಮುಟ್ಟಲಿಲ್ಲ. ಮಲ್ಲಿಕಾರ್ಜುನ್ ಬಾಗಿಲ ಬಳಿಯೇ ನಿಂತ. ಅವನ ಗಡ್ಡ ಬೆಳೆದಿತ್ತು. ಹೆಂಡತಿಯ ಕಡೆ ನೋಡಲಿಲ್ಲ.

"ಜಗಳಕ್ಕೆ ಬಂದಿಲ್ಲ ಬೀಗಿತ್ತಿ," ಎಂದು ಸರ್ವಮಂಗಳಮ್ಮ ಬ್ಯಾಗಿನಿಂದ ಕಾಗದದ ಪೊಟ್ಟಣ ತೆಗೆದಳು. "ಈ ಮಾತ್ರೆ ನುಂಗಿಸಿ. ಮೂರು ದಿನದಲ್ಲಿ ಎಲ್ಲಾ ಹೋಯ್ತದೆ. ಊರಿಗೆ ಗೊತ್ತಾಗಲ್ಲ. ಆಮೇಲೆ ಕರ್ಕೊಂಡೋಗೋದೋ ಬುಡೋದೋ ನೋಡಣ."

ಪೊಟ್ಟಣಕ್ಕೆ ಶಕುಂತಲಮ್ಮನ ಕೈ ಮುಂದಾಯಿತು. ಅದಕ್ಕಿಂತ ಮೊದಲು ಗಂಗಾಂಬಿಕೆಯ ಕೈ ಅದರ ಮೇಲೆ ಬಿತ್ತು.

"ಡಾಕ್ಟ್ರು ನೋಡದೆ ಇದನ್ನ ನುಂಗ್ಸಿ, ರಕ್ತ ನಿಲ್ದೇ ಹೋದ್ರೆ ಎರಡು ಹೆಣ ಎತ್ತಬೇಕಾಯ್ತದೆ ಅಮ್ಮಾವ್ರೆ. ಬೇಕು ಬೇಡ ಅನ್ನೋಳು ಅವಳು. ಮೊದ್ಲು ಲೆಕ್ಕ ನೋಡಣ."

"ಲೆಕ್ಕ ನಾನು ನೋಡಿದೀನಿ. ಜುಲೈ ಒಂದು."

"ಸರಿಯಾಗೇ ನೋಡಿದೀರ." ಗಂಗಾಂಬಿಕೆ ಪುಸ್ತಕ ಬಿಚ್ಚಿ ಅವಳ ತೊಡೆಯ ಮೇಲಿಟ್ಟಳು. "ಓದಿ."

ಸರ್ವಮಂಗಳಮ್ಮ ನಿಧಾನವಾಗಿ ಓದಿದಳು. "ಜುಲೈ ಒಂದು. ಮಧುಶ್ರೀ. ಮುಟ್ಟು. ಹೊಟ್ಟೆನೋವು. ಮಾತ್ರೆ ಎರಡು."

"ಡಾಕ್ಟ್ರು ಬಸುರಿನ ವಾರ ಎಣಿಸೋದು ಕೊನೇ ಮುಟ್ಟಿನ ಮೊದಲ ದಿನದಿಂದ. ಮಗು ನಿಂತ ದಿನದಿಂದಲ್ಲ. ನಿಲ್ಲೋದು ಸುಮಾರು ಎರಡು ವಾರ ಆದ್ಮೇಲೆ. ನೀವು ಬೆರಳಿಟ್ಟ ದಿನ ಈ ಹುಡುಗಿ ಮುಟ್ಟಾಗಿ ಮೂಲೇಲಿ ನರಳ್ತಿದ್ಲು."

ಸರ್ವಮಂಗಳಮ್ಮ ದಡ್ಡಿಯಲ್ಲ. ಮನಸ್ಸಿನಲ್ಲೇ ಎಣಿಸಿದಳು. "ಎರಡು ವಾರ ಅಂದ್ರೆ ಹದಿನಾಲ್ಕು, ಹದಿನೈದು. ಆಗ್ಲೂ ಇಲ್ಲೇ ಇದ್ಲಲ್ಲಮ್ಮ. ನನ್ನ ಮಗ ಅಲ್ಲಿದ್ದ."

ಭೂಮಿಕಾ ಅಡಿಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. ಗಂಗಾಂಬಿಕೆ ಮಲ್ಲಿಕಾರ್ಜುನನ ಕಡೆ ತಿರುಗಿದಳು. ಹದಿಮೂರು ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ತಾನು ಹೇಳಿದರೆ ಅದು ಹೇಳಿಕೊಟ್ಟ ಮಾತಾಗುತ್ತದೆ.

"ಅಪ್ಪಾ ಮಲ್ಲಿ, ನೀನು ಆಣೆ ಮುರ್ದೆ ಅಂತ ಯಾರೂ ಅಂತಿಲ್ಲ. ಪೂರ್ತಿ ಕೂಡದೇ ಇದ್ರೂ, ಮೊದಲು ಬರೋ ತಿಳಿನೀರು ತಾಗಿದ್ರೂ ಬಸುರು ನಿಲ್ಲಬೌದು. ಇದು ನನ್ನ ಮಾತಲ್ಲ. ಗುಬ್ಬಿ ಆಸ್ಪತ್ರೆ ಡಾಕ್ಟ್ರಮ್ಮನಿಗೆ ಈಗ್ಲೇ ಫೋನ್ ಹಚ್ಚಿಕೊಡ್ತೀನಿ, ನೀನೇ ಕೇಳು."

ಮಲ್ಲಿಕಾರ್ಜುನ್ ಮೊದಲ ಸಲ ತಲೆಯೆತ್ತಿದ. "ತಾಗಿದ್ರೆ ಸಾಕಾ?"

"ಸಾಕು. ಕಮ್ಮಿ ಸಲ. ಆದ್ರೆ ಸಾಕು."

ಅವನ ಕೈ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು. ಅದನ್ನು ಹಿಡಿದುಕೊಂಡೇ ತಾಯಿಯ ಎದುರು ನೆಲದ ಮೇಲೆ ಕೂತ.

"ಅವ್ವಾ, ನಾನು ಬಂದಿದ್ದೆ. ಹದಿಮೂರನೇ ತಾರೀಕು. ಪಂಪು ನೋಡೋಕೆ ತುಮಕೂರಿಗೆ ಅಂದಿದ್ನಲ್ಲ, ಇಲ್ಲಿಗೆ ಬಂದಿದ್ದೆ. ಕೂಡ್ಲಿಲ್ಲ ಅವ್ವಾ, ನಿನ್ನಾಣೆ. ಅರ್ಧಕ್ಕೇ ಎದ್ದೆ. ಏನೂ ಆಗಲ್ಲ ಅಂದ್ಕೊಂಡಿದ್ದೆ."

ಸರ್ವಮಂಗಳಮ್ಮ ಮಗನನ್ನೇ ನೋಡುತ್ತ ಕೂತಳು. ಒಂದೇ ಗಳಿಗೆಯಲ್ಲಿ ಹತ್ತು ವರ್ಷ ಮುಪ್ಪಾದ ಹಾಗೆ ಕಂಡಳು. ಪೊಟ್ಟಣವನ್ನು ಗಂಗಾಂಬಿಕೆಯ ಕಡೆ ಸರಿಸಿ, "ತಗೊಂಡೋಗವ್ವ ಇದನ್ನ," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಏಳು ಮಗಾ. ಬ್ಯಾಗು ತಗೋ. ಮನೆಗೆ ಹೋಗಣ."

ಮಧುಶ್ರೀ ಏಳಲಿಲ್ಲ.

"ನೀವು ತಿಳೀದೆ ಅಂದ್ರಿ ಅತ್ತೆ. ಸರಿ." ಗಂಡನನ್ನು ನೋಡಿದಳು. "ನಿಮಗೆ ಹದಿಮೂರನೇ ತಾರೀಕು ಗೊತ್ತಿತ್ತು. ಮಗು ಹೆಂಗೆ ನಿಲ್ಲುತ್ತೆ ಅಂತ ಗೊತ್ತಿರಲಿಲ್ಲ, ಅದನ್ನ ಒಪ್ತೀನಿ. ಆದ್ರೆ ಬಂದಿದ್ದೆ ಅಂತ ಒಂದು ಮಾತು ಹೇಳೋಕೆ ನಿಮಗೆ ನಾಕು ದಿನ ಬೇಕಾಯ್ತು. ಆ ಮಾತ್ರೆ ಬ್ಯಾಗಲ್ಲಿದೆ ಅಂತ ಗೊತ್ತಿದ್ದೂ ಕಾರು ಓಡಿಸ್ಕೊಂಡು ಬಂದ್ರಿ."

ಮಲ್ಲಿಕಾರ್ಜುನ್ ಎದ್ದು ಕಾರಿನ ಕಡೆ ಹೋದ.

ಕಾರು ಹಿಂತಿರುಗುವಾಗ ಅದರಲ್ಲಿ ಇಬ್ಬರೇ ಇದ್ದರು. ಗಂಗಾಂಬಿಕೆ ತಾಯಿ ಕಾರ್ಡಿಗೆ ಬರೆದುಕೊಳ್ಳಲು ಕೂತಳು. ಹೆಸರು ಬರೆದಳು, ಕೊನೇ ಮುಟ್ಟು ಜುಲೈ ಒಂದು ಎಂದು ಬರೆದಳು. ಗಂಡನ ಹೆಸರಿನ ಜಾಗಕ್ಕೆ ಬಂದು ಪೆನ್ನು ನಿಲ್ಲಿಸಿದಳು.

"ಬರೀ ಗಂಗಕ್ಕ, ಅದು ಸತ್ಯ ತಾನೆ," ಎಂದಳು ಮಧುಶ್ರೀ. "ನಾನು ಹೋಗೋದು ಯಾವಾಗ ಅನ್ನೋದಕ್ಕೆ ಅದ್ರಲ್ಲಿ ಜಾಗ ಇಲ್ವಲ್ಲ."

ಇರಲಿಲ್ಲ. ಗಂಗಾಂಬಿಕೆ ಕೋಳಿ ಕೆದರಿದ ಅಕ್ಷರದಲ್ಲಿ ಮಲ್ಲಿಕಾರ್ಜುನ್ ಎಂದು ಬರೆದಳು. ಪೊಟ್ಟಣವನ್ನು ಮಡಿಲಿಗೆ ಸಿಕ್ಕಿಸಿಕೊಂಡು ಹೊರಗೆ ಬಂದಾಗ ಹಿಂದಿನಿಂದ ಭೂಮಿಕಾ ಓಡಿಬಂದಳು.

"ಗಂಗಕ್ಕ, ನಮ್ಮ ಕಾಲೇಜಿಗೆ ಒಂದ್ಸಲ ಬರ್ತೀಯಾ? ಅಲ್ಲಿ ಎಲ್ರೂ ಪೂರ್ತಿ ಆಗದೇ ಇದ್ರೆ ಏನೂ ಆಗಲ್ಲ ಅಂತ್ಲೇ ನಂಬ್ಕೊಂಡವ್ರೆ."

ಗಂಗಾಂಬಿಕೆ ನಿಂತಳು. ಅವಳಿಗೆ ಆ ಬಾವಿ ನೆನಪಾಯಿತು. ಪುಸ್ತಕ ತೆಗೆದು, "ಯಾವತ್ತು ಬರ್ಲಿ? ತಾರೀಕು ಹೇಳು," ಎಂದಳು.