ಕಾಕಿಯ ಕೈಯ ತಂಬಿಗೆ

ಇವತ್ತು ಮುಟ್ಟಾದ ಮೊಮ್ಮಗಳು ಬಾಗಿಲಾಚೆಯೇ ನಿಂತು, "ನಾ ಹೊರಗದೀನಿ ಆಯಿ, ನೀರು ನೀನ ತಗೋ" ಎಂದಳು. ಎಷ್ಟೋ ವರ್ಷಗಳ ಹಿಂದಿನ ವಿಭೂತಿಯ ವಾಸನೆ ಮೂಗಿಗೆ ಬಂದಂತಾಯಿತು.

ನಾನು ಚಿಕ್ಕವಳಿದ್ದಾಗ ಸರಸಂಬಾ ಊರಿನ ನಮ್ಮ ಮನೆಕಟ್ಟೆಯ ಮೇಲೆ ಮಠದ ಅಯ್ಯನವರೊಬ್ಬರು ಸಂಜೆ ಕೂಡುತ್ತಿದ್ದರು. ಲಿಂಗದೀಕ್ಷೆ ಬೇಕೆನ್ನುವವರಿಗೆ ಮೊದಲು ಧರ್ಮ ತಿಳಿಸುವ ಪಾಠವದು. ಗುರು ಎಂದರೆ ಯಾರು, ಅಂಗೈಯ ಲಿಂಗವನ್ನು ಯಾಕೆ ದಿಟ್ಟಿಸಬೇಕು, ಉಣ್ಣುವ ಮೊದಲು ಅದಕ್ಕೆ ಯಾಕೆ ಅರ್ಪಿಸಬೇಕು ಎಂದು ಹರಟೆಯ ಹಾಗೆ ಹೇಳುತ್ತಿದ್ದರು. ನನ್ನ ಅಜ್ಜಿ ಬಾಗಿಲ ಮರೆಯಲ್ಲಿ ಕೂತು ಗೊಣಗುತ್ತಿದ್ದಳು: "ಪುಕ್ಕಟೆ ಕಲಿಸೋರನ್ನ ನಂಬಬಾರದು. ಏನರ ಮಸಲತ್ತು ಇರ್ತದ."

ಒಂದು ಸಂಜೆ ಅಯ್ಯನವರು, "ಲಿಂಗ ಕಟ್ಟಿಕೊಂಡವರಿಗೆ ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದರ ಮೈಲಿಗಿ ಇಲ್ಲ" ಎಂದರು.

ನಮ್ಮ ಮನೆಯವರೆಲ್ಲರ ಕೊರಳಲ್ಲೂ ಲಿಂಗವಿತ್ತು. ಆದರೂ ಮುಟ್ಟಾದ ಕಾಕಿ, ನನ್ನ ಚಿಕ್ಕಪ್ಪನ ಹೆಂಡತಿ, ಅವತ್ತು ದನದ ಕೊಟ್ಟಿಗೆಯಲ್ಲಿದ್ದಳು. ಅಜ್ಜಿ ಅವಳನ್ನು ಕರೆದು ಕೈಗೆ ನೀರಿನ ತಂಬಿಗೆ ಕೊಟ್ಟಳು.

"ಹಂಗಾರ ಈಕಿ ಕೈಯಾಗಿನ ನೀರು ಕುಡೀರಿ ನೋಡೋಣು."

"ತಾ ತಾಯಿ" ಎಂದರು ಅಯ್ಯನವರು. ಕಾಕಿ ತಂಬಿಗೆ ಚಾಚಿದಳು. ಅವರು ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು, ನೀರನ್ನು ಮೊದಲು ಅದಕ್ಕೆ ಅರ್ಪಿಸಿ, ಆಮೇಲೆ ಗಟಗಟ ಕುಡಿದರು.

ಮರುದಿನ ಬೆಳಿಗ್ಗೆ ಅಜ್ಜಿ, ಅವರಿಗೆ ಮೈಲಿಗೆ ತಟ್ಟಿ ಜ್ವರ ಬಂದಿದೆಯೇ ನೋಡಿ ಬಾ ಎಂದು ನನ್ನನ್ನು ಮಠಕ್ಕೆ ಅಟ್ಟಿದಳು. ಅವರು ಹಣೆಗೆ ವಿಭೂತಿ ಬಳಿದುಕೊಳ್ಳುತ್ತ ನಗುತ್ತಿದ್ದರು. ಸುದ್ದಿ ಕೇಳಿದ ಅಜ್ಜಿ ಕೊಟ್ಟಿಗೆಯ ಕಡೆ ತಿರುಗಿ ಕೂಗಿದಳು: "ಒಳಗ ಬಾರಬೇ, ರೊಟ್ಟಿ ಬಡಿ."

ಮೊಮ್ಮಗಳಿಗೆ ಹೇಳಿದೆ: "ನಿನ್ನ ಕೈಲೇ ತಾ. ನಮ್ಮಜ್ಜಿ ಪರೀಕ್ಷಾ ಮಾಡಿ ಆಗ್ಯದ."